ಸಿಮೆಂಟಿಗೆ ಗಾಳಿ, ರಾಡಿಗೆ ಮುಚ್ಚಿಗೆ

ವಿಜಯಪುರದ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಉಳಿದೆಲ್ಲ ತಿಂಗಳುಗಳಿಗಿಂತ ಸೆಪ್ಟೆಂಬರಿನಲ್ಲೇ ಅದು ಹೆಚ್ಚು. ಬರದ ಸೀಮೆಯಲ್ಲಿ ಬೆಳೆದವರಿಗೆ ಮಳೆ ಬಂದರೆ ಸಾಕು ಎನ್ನುವ ಆಸೆ ಇರುತ್ತದೆಯೇ ಹೊರತು, ತೇವದಿಂದ ವಸ್ತು ಕೆಡುತ್ತದೆ ಎನ್ನುವ ಭಯ ಅಷ್ಟಾಗಿ ಇರುವುದಿಲ್ಲ. ನನಗೂ ಇರಲಿಲ್ಲ. ಸಿವಿಲ್ ಡಿಪ್ಲೊಮಾ ಮುಗಿಸಿ, ಬೇರೆಯವರ ಕೈಕೆಳಗೆ ಕೆಲಸ ಮಾಡಿ, ಕೊನೆಗೆ ಸ್ವಂತವಾಗಿ ಹಿಡಿದ ಮೊದಲ ಕೆಲಸ ನನ್ನ ಸೋದರತ್ತೆಯ ಮನೆ. ಜೋರಾಪುರ ಪೇಟೆಯ ಓಣಿಯಲ್ಲಿ, ಮಣ್ಣಿನ ಮಾಳಿಗೆಯ ಹಳೆಯ ಮನೆಯ ಮುಂಭಾಗ ಕೆಡವಿ, ಹಿಂಭಾಗ ಹಾಗೇ ಉಳಿಸಿಕೊಂಡು ಕಟ್ಟುತ್ತಿದ್ದ ಆರ್‌ಸಿಸಿ ಮನೆ ಅದು. ಅಲ್ಲಿ ನಾನು ಸಿಮೆಂಟನ್ನೂ ಕಬ್ಬಿಣವನ್ನೂ ಕೆಡಿಸಿದೆ. ಹೇಗೆ ಕೆಟ್ಟವು, ಯಾಕೆ ಕೆಟ್ಟವು, ಕೆಟ್ಟದ್ದರಲ್ಲಿ ಯಾವುದು ಉಳಿಯಿತು ಎಂಬುದನ್ನು ಬರೆಯುತ್ತಿದ್ದೇನೆ. ಈಗಲೂ ನಮ್ಮ ಸುತ್ತಿನ ಸೈಟುಗಳಲ್ಲಿ ಅದೇ ರೀತಿ ಚೀಲ ಒಟ್ಟಿರುವುದನ್ನು, ಅದೇ ರೀತಿ ರಾಡು ಬಿದ್ದಿರುವುದನ್ನು ನೋಡುತ್ತಿದ್ದೇನೆ.

ಪೇಟೆಯ ಓಣಿ ಕಿರಿದು. ಲಾರಿ ಒಳಗೆ ಬರುವುದಿಲ್ಲ. ದೊಡ್ಡ ರಸ್ತೆಯಲ್ಲಿ ಇಳಿಸಿ, ಸಣ್ಣ ಟೆಂಪೋಗೆ ಏರಿಸಿ, ಅಲ್ಲಿಂದ ಹಮಾಲರು ಹೊತ್ತು ತರಬೇಕು. ಒಂದೊಂದು ಸಲಕ್ಕೂ ಹಮಾಲಿ ಬೇರೆ. ಹಾಗಾಗಿ ಒಮ್ಮೆಗೇ ತರಿಸುವುದು ಜಾಣತನ ಎಂದುಕೊಂಡೆ. ಮೇ ತಿಂಗಳಲ್ಲಿ, ಕಾಲಂ ಎದ್ದು ಸ್ಲ್ಯಾಬಿಗೆ ತಯಾರಿ ನಡೆಯುವಾಗ, ದರ ಏರುತ್ತದೆ ಎಂಬ ಮಾತು ಕೇಳಿ 160 ಚೀಲ ಸಿಮೆಂಟು, ಸುಮಾರು 3 ಟನ್ ಕಬ್ಬಿಣ ಒಟ್ಟಿಗೆ ತರಿಸಿದೆ. ಸಾವಿರ ಚದರ ಅಡಿಯ, ಐದು ಇಂಚಿನ ಸ್ಲ್ಯಾಬಿಗೆ ಬೀಮೂ ಸೇರಿ 120 ಚೀಲದ ಆಸುಪಾಸು ಬೇಕಾಗುತ್ತಿತ್ತು. ಉಳಿದದ್ದು ಗೋಡೆಗೆ. ತಿಂಗಳೊಳಗೆ ಎಲ್ಲ ಖರ್ಚಾಗುತ್ತದೆ ಎಂಬ ಲೆಕ್ಕ.

ಆ ಲೆಕ್ಕ ತಪ್ಪಿದ್ದು ಪಕ್ಕದ ಮನೆಯವರೊಂದಿಗಿನ ನಡುಗೋಡೆಯ ತಕರಾರಿನಿಂದ. ಹಳೆಯ ಪೇಟೆಗಳಲ್ಲಿ ಎರಡು ಮನೆಗೆ ಒಂದೇ ಕಲ್ಲಿನ ಗೋಡೆ. ಅದರ ಮೇಲೆ ಬೀಮು ಕೂರಿಸಬಾರದು ಎಂದರು. ಹಿರಿಯರು ಕೂತು ಬಗೆಹರಿಸುವ ಹೊತ್ತಿಗೆ ಮಳೆಗಾಲ ಮುಗಿಯುತ್ತ ಬಂದಿತ್ತು. ಸಾಮಾನು ಅಷ್ಟೂ ಕಾಲ ಸೈಟಿನಲ್ಲೇ ಇತ್ತು, ನಾನು ಇಟ್ಟ ಹಾಗೇ.

ಹೇಗೆ ಇಟ್ಟಿದ್ದೆ ಎಂದರೆ: ಹಿಂಭಾಗದ ಹಳೆಯ ಮನೆಯಲ್ಲಿ ಎಂಟು ಅಡಿಗೆ ಹತ್ತು ಅಡಿಯ ಒಂದು ಕೋಣೆ. ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಪರಸಿ. ಅತ್ತೆಯವರು ಮೊದಲು ಜೋಳದ ಚೀಲ ಇಡುತ್ತಿದ್ದ ಕೋಣೆ. ಪರಸಿಯ ಮೇಲೆ ಒಂದು ತಾಡಪತ್ರಿ ಹಾಸಿ, ಎರಡು ಗೋಡೆಗೆ ಒತ್ತಿ, ಹದಿನಾಲ್ಕು ಹದಿನೈದು ಚೀಲ ಎತ್ತರಕ್ಕೆ ಒಟ್ಟಿಸಿದೆ. ಕಿಟಕಿ ತೆರೆದೇ ಇಟ್ಟೆ. ಗಾಳಿ ಆಡಿದರೆ ತೇವ ಹೋಗುತ್ತದೆ ಎಂದು ನಾನೇ ಹಮಾಲರಿಗೆ ಹೇಳಿದ್ದು ನೆನಪಿದೆ. ಚೀಲ ಚೀಲದ ನಡುವೆ ಸ್ವಲ್ಪ ಸಂದು ಬಿಡಿ ಎಂದೂ ಹೇಳಿದ್ದೆ. ಜೋಳ ಇಡುವವರ ಮನೆಯಲ್ಲಿ ಬೆಳೆದವನಿಗೆ ಅದು ಸಹಜವಾಗಿ ಬಂದ ಬುದ್ಧಿ.

ಕಬ್ಬಿಣ ಮುಂದಿನ ಖಾಲಿ ಜಾಗದಲ್ಲಿತ್ತು. ಪಾಯ ತೋಡಿದಾಗ ಬಂದ ಎರಿ ಮಣ್ಣು ಅಲ್ಲೇ ಹರಡಿತ್ತು. ಅದರ ಮೇಲೆಯೇ ರಾಡು ಇಳಿಸಿದರು. 12 ಮೀಟರಿನ ರಾಡು ಓಣಿಯಲ್ಲಿ ತಿರುಗುವುದಿಲ್ಲವಾದ್ದರಿಂದ ನಡುವೆ ಮಡಚಿ ತಂದದ್ದು. 8, 12, 16 ಮಿ.ಮೀ. ಎಲ್ಲ ಒಂದರ ಮೇಲೊಂದು. ಮೇಲೆ ತಾಡಪತ್ರಿಯನ್ನು ಬಿಗಿಯಾಗಿ ಹೊದಿಸಿ, ಅಂಚಿಗೆಲ್ಲ ಕಲ್ಲು ಹೇರಿದೆ. ಒಂದು ಹನಿ ಮಳೆ ತಾಗದ ಹಾಗೆ ಮುಚ್ಚಿದ್ದೇನೆ ಎಂಬ ಸಮಾಧಾನ ನನಗೆ.

ಸಿಮೆಂಟು ತೇವವನ್ನು ಹುಡುಕಿಕೊಂಡು ಹೋಗುವ ಪುಡಿ. ನೀರು ಸೋಕಿದೊಡನೆ ಗಟ್ಟಿಯಾಗುವುದೇ ಅದರ ಗುಣ. ಆ ನೀರು ಬಕೆಟ್ಟಿನಿಂದ ಬಂತೋ ಗಾಳಿಯಿಂದ ಬಂತೋ ಎಂಬ ಭೇದ ಅದಕ್ಕಿಲ್ಲ. ಈಗಿನ ಚೀಲಗಳು ಪ್ಲಾಸ್ಟಿಕ್ ನೂಲಿನಲ್ಲಿ ನೇಯ್ದವು. ನೇಯ್ಗೆಯ ಸಂದಿನಲ್ಲಿ, ಹೊಲಿಗೆಯ ತೂತಿನಲ್ಲಿ ಗಾಳಿ ಒಳಗೆ ಹೋಗುತ್ತದೆ. ಆಷಾಢ, ಶ್ರಾವಣದಲ್ಲಿ ನಮ್ಮ ಕಡೆ ಮಳೆ ಬೀಳದಿದ್ದರೂ ಮೋಡ ಕವಿದಿರುತ್ತದೆ, ಪಶ್ಚಿಮದ ಗಾಳಿ ಬಿಡದೆ ಬೀಸುತ್ತದೆ, ಆ ಗಾಳಿ ಒದ್ದೆ ಗಾಳಿ. ತೆರೆದ ಕಿಟಕಿಯಿಂದ ಅದು ಬಂದು ಚೀಲಗಳ ಸಂದಿನಲ್ಲಿ ಸುತ್ತಿ, ಪ್ರತಿ ಚೀಲಕ್ಕೂ ಒಂದಿಷ್ಟು ತೇವ ಕೊಟ್ಟು ಹೋಗುತ್ತಿತ್ತು. ನಾನು ಬಿಡಿಸಿದ ಸಂದು ಆ ಕೆಲಸಕ್ಕೆ ದಾರಿಯಾಯಿತು. ಜೋಳಕ್ಕೆ ಉಸಿರಿದೆ. ಅದು ತನ್ನೊಳಗಿನ ತೇವವನ್ನು ಹೊರಗೆ ಬಿಡಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಸಿಮೆಂಟಿನೊಳಗೆ ಹೊರಗೆ ಬಿಡಬೇಕಾದ ತೇವವೇ ಇಲ್ಲ. ಅದಕ್ಕೆ ಗಾಳಿಯಿಂದ ಸಿಗುವುದೆಲ್ಲ ನಷ್ಟವೇ.

ಕಬ್ಬಿಣದ ವಿಷಯ ಇದಕ್ಕೆ ತಿರುವುಮುರುವು. ಎರಿ ಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಮೇಲೆ ಒಣಗಿ ಬಿರುಕು ಬಿಟ್ಟರೂ ನಾಲ್ಕು ಬೆರಳು ಕೆಳಗೆ ಹಸಿ ಇರುತ್ತದೆ. ಹಗಲು ಬಿಸಿಲಿಗೆ ಆ ಹಸಿ ಆವಿಯಾಗಿ ಏಳುತ್ತದೆ. ಬಿಗಿಯಾಗಿ ಮುಚ್ಚಿದ ತಾಡಪತ್ರಿಯ ಕೆಳಗೆ ಅದು ಹೋಗುವುದೆಲ್ಲಿಗೆ? ರಾತ್ರಿ ತಾಡಪತ್ರಿ ತಣ್ಣಗಾದಾಗ ಒಳಮೈಗೆ ಹನಿಗಟ್ಟಿ ರಾಡಿನ ಮೇಲೇ ಬೀಳುತ್ತದೆ. ಮರುದಿನ ಮತ್ತೆ ಅದೇ. ತುಕ್ಕಿಗೆ ನೀರೂ ಬೇಕು, ಗಾಳಿಯೂ ಬೇಕು. ಎರಡೂ ಅಲ್ಲಿ ಇದ್ದವು, ಒಣಗುವ ಹೊತ್ತು ಮಾತ್ರ ಇರಲಿಲ್ಲ. ಬಯಲಲ್ಲಿ ಮಳೆಗೆ ನೆನೆದು ಬಿಸಿಲಿಗೆ ಒಣಗುವ ರಾಡು ಮಣ್ಣಿಗೆ ತಾಗದೆ ಎತ್ತರದಲ್ಲಿದ್ದರೆ, ಹೀಗೆ ಮುಚ್ಚಿ ಬೆವರಿಸಿದ ರಾಡಿಗಿಂತ ಮೇಲು ಎಂದು ಈಗ ನಾನು ಧೈರ್ಯವಾಗಿ ಹೇಳುತ್ತೇನೆ.

ಒಟ್ಟಿನಲ್ಲಿ, ಗಾಳಿ ತಾಗಬಾರದ ವಸ್ತುವಿಗೆ ಗಾಳಿ ಬಿಟ್ಟಿದ್ದೆ. ಗಾಳಿ ಬೇಕಾದ ವಸ್ತುವನ್ನು ಮುಚ್ಚಿದ್ದೆ. ಮೇಲಿನ ನೀರನ್ನು ಎರಡೂ ಕಡೆ ತಡೆದಿದ್ದೆ. ನೆಲದಿಂದ, ಗೋಡೆಯಿಂದ, ಗಾಳಿಯಿಂದ ಬರುವ ನೀರು ಲೆಕ್ಕದಲ್ಲೇ ಇರಲಿಲ್ಲ.

ಸೆಪ್ಟೆಂಬರಿನ ಕೊನೆಗೆ ಕೆಲಸ ಶುರುವಾಯಿತು. ಮೇಲಿನ ಸಾಲಿನ ಚೀಲ ಬಿಚ್ಚಿದಾಗ ಹೊರಪದರ ಸಿಪ್ಪೆಯ ಹಾಗೆ ಗಟ್ಟಿ, ಒಳಗೆ ಸಣ್ಣ ಸಣ್ಣ ಹೆಂಟಿ. ಆಗ ನಾನು ಮಾಡಿದ್ದು ಇಡೀ ಪ್ರಕರಣದಲ್ಲಿ ಅತಿ ಕೆಟ್ಟ ಕೆಲಸ. ಜರಡಿ ತರಿಸಿ, ಹೆಂಟಿ ತೆಗೆದು, ಕೆಳಗೆ ಬಿದ್ದ ಪುಡಿ ಚೆನ್ನಾಗಿಯೇ ಇದೆ ಎಂದು ಅತ್ತೆಗೆ ಹೇಳಿ, ಹಿಂದಿನ ಕೋಣೆಯ ಗೋಡೆಗೆ ಅದರಲ್ಲೇ ಗಿಲಾಯ ಮಾಡಿಸಿದೆ. ಅವರು ಏನೂ ಕೇಳಲಿಲ್ಲ. ನನ್ನ ಮೇಲಿನ ನಂಬಿಕೆಯಿಂದ ಕೇಳಲಿಲ್ಲ ಎನ್ನುವುದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ವಾರಗಟ್ಟಲೆ ನೀರು ಹೊಡೆದರೂ ಆ ಗಿಲಾಯ ಕೈಯಿಂದ ಒರೆಸಿದರೆ ಬೂದಿಯ ಹಾಗೆ ಉದುರುತ್ತಿತ್ತು. ಮೊಳೆಯಿಂದ ಗೀರಿದರೆ ಆಳವಾದ ಗೆರೆ ಬೀಳುತ್ತಿತ್ತು. ಹೆಂಟಿಯಾಗಿದ್ದು ಮಾತ್ರ ಕೆಟ್ಟ ಸಿಮೆಂಟು, ಜರಡಿಯಲ್ಲಿ ಇಳಿದದ್ದು ಒಳ್ಳೆಯದು ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಹಾಗಲ್ಲ. ಹೆಂಟಿ ಕಟ್ಟುವಷ್ಟು ತೇವ ಒಳಗೆ ಹೋಗಿದೆ ಎಂದರೆ, ಪುಡಿಯಾಗಿಯೇ ಉಳಿದ ಕಣಗಳ ಹೊರಮೈಯೂ ಆಗಲೇ ನೀರು ಕುಡಿದು ಪದರ ಕಟ್ಟಿಕೊಂಡಿರುತ್ತದೆ. ನಾವು ಗಾರೆಗೆ ಹಾಕುವ ನೀರು ಆ ಪದರ ದಾಟಿ ಒಳಗೆ ಹೋಗುವುದು ನಿಧಾನ, ಅಪೂರ್ಣ. ಜರಡಿಯಿಂದ ಹೆಂಟಿ ಹೋಗುತ್ತದೆ, ಹೋದ ಶಕ್ತಿ ಮರಳಿ ಬರುವುದಿಲ್ಲ.

ಆ ಗಿಲಾಯ ನೋಡಿದ ಹಿರಿಯ ಗೌಂಡಿಯೊಬ್ಬರು, ನಾವೆಲ್ಲ ಕಾಕಾ ಎನ್ನುವವರು, ಕೋಣೆಗೆ ಬಂದು ಒಟ್ಟಿಲನ್ನು ಸುತ್ತ ಮುಟ್ಟಿ ನೋಡಿದರು.

“ತಮ್ಮಾ, ಇದೇನ್ ಜ್ವಾಳ ಒಟ್ಟಿದಂಗ ಒಟ್ಟೀದಿ? ಜ್ವಾಳಕ್ಕ ಗಾಳಿ ಬೇಕು. ಇದಕ್ಕ ಗಾಳಿನ ವೈರಿ.”

“ಕಾಕಾ, ಈಗ ಎಲ್ಲಾ ಹೋತೇನ್ರಿ?”

“ಎಲ್ಲಾ ಹೋಗಿರೂದುಲ್ಲ. ಒಂದೊಂದ ಚೀಲ ಇಳಿಸಿ ನೋಡೂಣು. ಆದ್ರ ನೋಡೂಮಟ ಒಂದ್ ಬುಟ್ಟೀನೂ ಸ್ಲ್ಯಾಬಿಗೆ ಹಾಕಬ್ಯಾಡ.”

ಅವರು ತೋರಿಸಿದ ಮೊದಲ ಪಾಠ, ಗಟ್ಟಿಯಾದ ಚೀಲವೆಲ್ಲ ಕೆಟ್ಟದ್ದಲ್ಲ ಎನ್ನುವುದು. ಒಟ್ಟಿಲಿನ ನಡುವೆ, ತಳಕ್ಕೆ ಹತ್ತಿರ ಇದ್ದ ಕೆಲವು ಚೀಲಗಳು ಮುಟ್ಟಿದರೆ ಹಲಗೆಯ ಹಾಗಿದ್ದವು. ಕಾಕಾ ಅವನ್ನು ನೆಲಕ್ಕೆ ಹಾಕಿ ನಾಲ್ಕಾರು ಸಲ ಉರುಳಿಸಿದರು. ಒಳಗಿನದು ಸಡಿಲವಾಗಿ ಮತ್ತೆ ಹಿಟ್ಟಿನಂತಾಯಿತು. ಅದು ಭಾರಕ್ಕೆ ಒತ್ತಿ ಕೂತ ಸಿಮೆಂಟು. ಹದಿನೈದು ಚೀಲ ಎತ್ತರ ಎಂದರೆ ತಳದ ಚೀಲದ ಮೇಲೆ ಏಳುನೂರು ಕಿಲೋ. ತೇವ ತಾಗದಿದ್ದರೆ ಇಂಥ ಒತ್ತಡದ ಗಟ್ಟಿತನ ಉರುಳಿಸಿದರೆ ಬಿಡುತ್ತದೆ, ಸಿಮೆಂಟಿಗೆ ಅದರಿಂದ ಹಾನಿ ಇಲ್ಲ. ನೀರು ಕುಡಿದು ಕಟ್ಟಿದ ಹೆಂಟಿ ಉರುಳಿಸಿದರೆ ಬಿಡುವುದಿಲ್ಲ. ಎರಡು ಬೆರಳಿನ ನಡುವೆ ಹಿಡಿದು ಒತ್ತಿದರೂ ಪುಡಿಯಾಗುವುದಿಲ್ಲ. ಈ ಎರಡನ್ನು ಬೇರ್ಪಡಿಸಲು ಬರದಿದ್ದರೆ ಒಳ್ಳೆಯ ಚೀಲ ಎಸೆಯುತ್ತೇವೆ, ಇಲ್ಲವೇ ಕೆಟ್ಟದ್ದನ್ನು ಸ್ಲ್ಯಾಬಿಗೆ ಸುರಿಯುತ್ತೇವೆ.

ಹೀಗೆ ಇಳಿಸುತ್ತ ಹೋದಾಗ ಕೆಟ್ಟ ಚೀಲಗಳು ಎಲ್ಲಿವೆ ಎಂಬುದರ ನಕ್ಷೆಯೇ ಸಿಕ್ಕಿತು. ಗೋಡೆಗೆ ಒತ್ತಿದ್ದ ಚೀಲಗಳಲ್ಲಿ ಗೋಡೆಯ ಕಡೆಯ ಅರ್ಧ ಕಲ್ಲು. ಮಳೆಗಾಲದಲ್ಲಿ ಆ ದಪ್ಪ ಗೋಡೆ ನೆಲದಿಂದ ತೇವ ಎಳೆದು ಒಳಗಡೆ ಬೆವರುತ್ತಿತ್ತು. ತಳದ ಸಾಲಿನಲ್ಲಿ, ತಾಡಪತ್ರಿ ಮಡಿಕೆ ಬಿದ್ದು ಹರಿದಿದ್ದ ಕಡೆ, ಪರಸಿಯ ಸಂದಿನ ಗೆರೆಯೇ ಚೀಲದ ಮೇಲೆ ಗಟ್ಟಿಯಾಗಿ ಮೂಡಿತ್ತು. ಕಿಟಕಿಗೆ ಎದುರಾಗಿದ್ದವು ಹೊರಪದರ ಕಟ್ಟಿದ್ದವು. ನಡುವಿನಲ್ಲಿ, ನಾಲ್ಕೂ ಕಡೆ ಬೇರೆ ಚೀಲಗಳಿಂದ ಮುಚ್ಚಿಹೋಗಿದ್ದವು ಮಾತ್ರ ಬಹುಪಾಲು ಚೆನ್ನಾಗಿದ್ದವು. ಅವುಗಳನ್ನು ಕಾಪಾಡಿದ್ದು ಅಕ್ಕಪಕ್ಕದ ಚೀಲಗಳು. ಸಂದು ಬಿಡದೆ ಒತ್ತಾಗಿ ಒಟ್ಟಬೇಕು ಎನ್ನುವುದಕ್ಕೆ ನನಗೆ ಬೇರೆ ಪುರಾವೆ ಬೇಕಾಗಲಿಲ್ಲ.

160ರಲ್ಲಿ 41 ಚೀಲ ಪೂರ್ತಿ ಹೋಗಿದ್ದವು. ಹೆಂಟಿ ಇದ್ದೂ ಪುಡಿ ಉಳಿದ ಚೀಲಗಳನ್ನು ಒಂದು ಕಡೆ, ಚೆನ್ನಾಗಿ ಕಂಡವನ್ನು ಇನ್ನೊಂದು ಕಡೆ ಇಟ್ಟೆವು. ಕೈ ಹಾಕಿದರೆ ತಣ್ಣಗಿರಬೇಕು, ಬೆರಳಲ್ಲಿ ಉಜ್ಜಿದರೆ ನುಣುಪಾಗಿರಬೇಕು, ಮರಳಿನ ತರಿ ಸಿಗಬಾರದು ಎಂಬ ಗೌಂಡಿಗಳ ಪರೀಕ್ಷೆಗಳೆಲ್ಲ ಕೆಟ್ಟದ್ದನ್ನು ಹಿಡಿಯಲು ಸಾಕು. ಒಳ್ಳೆಯದೆಂದು ಪ್ರಮಾಣ ಮಾಡಲು ಸಾಲವು. ಚೀಲದ ಮೇಲೆ ತಯಾರಾದ ವಾರ, ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅದನ್ನು ನಾನು ಆಗ ಮೊದಲ ಸಲ ಸರಿಯಾಗಿ ಓದಿದೆ. ಕೆಲವು ಚೀಲಗಳು ನನ್ನ ಬಳಿ ಬರುವಾಗಲೇ ಆರು ವಾರ ಹಳೆಯವು. ಮೂರು ತಿಂಗಳು ದಾಟಿದ ಸಿಮೆಂಟನ್ನು ಮತ್ತೆ ಪರೀಕ್ಷಿಸಿಯೇ ಬಳಸಬೇಕು ಎಂಬುದು ಭಾರತೀಯ ಮಾನಕದ ನಿಯಮ. ಹಾಗಾಗಿ ಎರಡೂ ಗುಂಪಿನಿಂದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕೊಟ್ಟೆ. ಅಲ್ಲಿ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಪ್ರಮಾಣಿತ ಮರಳು ಸೇರಿಸಿ ಸಣ್ಣ ಘನಗಳನ್ನು ಮಾಡಿ, ನೀರಿನಲ್ಲಿ ಇಟ್ಟು, ಒಡೆದು ನೋಡುತ್ತಾರೆ. ನಾವು ತಂದದ್ದು ಪಿಪಿಸಿ. ಅದು 7 ದಿನಕ್ಕೆ ಚದರ ಮಿಲಿಮೀಟರಿಗೆ 22 ನ್ಯೂಟನ್, 28 ದಿನಕ್ಕೆ 33 ನ್ಯೂಟನ್ ತಡೆಯಬೇಕು. ನಡುವಿನ ಚೀಲಗಳ ಮಾದರಿ ಎರಡನ್ನೂ ದಾಟಿತು. ಜರಡಿ ಹಿಡಿದ ಪುಡಿ 7 ದಿನದ ಮಟ್ಟವನ್ನೇ ಮುಟ್ಟಲಿಲ್ಲ. ನಾನು ಗೋಡೆಗೆ ಬಳಿಸಿದ್ದು ಅದನ್ನೇ.

ಆ ಗಿಲಾಯವನ್ನು ನನ್ನ ಖರ್ಚಿನಲ್ಲಿ ಕೆತ್ತಿಸಿ ತೆಗೆಸಿದೆ. ಹೆಂಟಿಯ ಪುಡಿಯನ್ನು ಅಂಗಳದ ಪರಸಿಯ ಕೆಳಗಿನ ಹಾಸಿಗೆ, ಭಾರ ಹೊರದ ಕಡೆ, ಹೊಸ ಸಿಮೆಂಟು ಸೇರಿಸಿ ಮುಗಿಸಿದೆವು. ಕಲ್ಲಾದ ಚೀಲಗಳು ಗುಂಡಿ ತುಂಬಲು ಹೋದವು.

ಕಬ್ಬಿಣದ ಕಡೆ ತಾಡಪತ್ರಿ ಎತ್ತಿದಾಗ ಮೇಲಿನ ರಾಡುಗಳು ಕಂದು ಬಣ್ಣಕ್ಕೆ ತಿರುಗಿದ್ದವು, ಅಷ್ಟೇ. ಅದನ್ನು ಕಂಡು ಹೆದರಬೇಕಿಲ್ಲ ಎಂದು ಬಾರ್ ಬೆಂಡರ್ ಗೋಣಿತಟ್ಟಿನಿಂದ ಉಜ್ಜಿ ತೋರಿಸಿದ. ಕೈಗೆ ತೆಳು ಕೆಂಪು ಹತ್ತಿತು, ಕೆಳಗಿನ ಏಣುಗಳು ಚೂಪಾಗಿಯೇ ಇದ್ದವು. ಮೈಗೆ ಗಟ್ಟಿಯಾಗಿ ಅಂಟಿದ ಇಂಥ ತೆಳು ತುಕ್ಕು ಕಾಂಕ್ರೀಟಿನ ಹಿಡಿತವನ್ನು ಕಡಿಮೆ ಮಾಡುವುದಿಲ್ಲ. ಐಎಸ್ 456 ಬೇಡ ಎನ್ನುವುದು ಸಡಿಲ ತುಕ್ಕು, ಸಡಿಲ ಪದರ, ಮಣ್ಣು, ಎಣ್ಣೆ, ಬಣ್ಣ ಇಂಥವನ್ನು. ಆದರೆ ತಳದ ರಾಡುಗಳನ್ನು ಮಣ್ಣಿನಿಂದ ಎಬ್ಬಿಸಿದಾಗ ಹಪ್ಪಳದ ಚೂರಿನಂತೆ ತುಕ್ಕು ಉದುರಿತು. ತಂತಿ ಬ್ರಶ್ಶಿನಿಂದ ಉಜ್ಜಿದ ಮೇಲೆ ಉಗುರಿಗೆ ಸಿಗುವಂಥ ಗುಳಿಗಳು ಕಂಡವು. ಮಡಚಿದ ಜಾಗದಲ್ಲಿ ಎಲ್ಲಕ್ಕಿಂತ ಹೆಚ್ಚು. ಕಾರ್ಖಾನೆಯಿಂದ ಬರುವಾಗ ರಾಡಿನ ಮೇಲೆ ನೀಲಿ-ಬೂದು ಪದರ ಒಂದಿರುತ್ತದೆ. ಮಡಚಿದಲ್ಲಿ ಅದು ಬಿರಿದು, ಬರಿ ಕಬ್ಬಿಣ ಹೊರಗೆ ಬಿದ್ದಿತ್ತು.

ತುಕ್ಕು ಎಷ್ಟು ತಿಂದಿದೆ ಎಂದು ತಿಳಿಯಲು ತೂಕವೇ ದಾರಿ. ಒಂದು ಮೀಟರ್ ಕತ್ತರಿಸಿ, ಉಜ್ಜಿ ತೊಳೆದು ಒಣಗಿಸಿ, ಅಂಗಡಿಯ ತಕ್ಕಡಿಯಲ್ಲಿ ತೂಗಿದೆವು. 8 ಮಿ.ಮೀ. ರಾಡು ಮೀಟರಿಗೆ 395 ಗ್ರಾಂ ಇರಬೇಕು. ಐಎಸ್ 1786 ಒಂದು ತುಂಡಿಗೆ ನೂರಕ್ಕೆ 8ರಷ್ಟು ಕಡಿಮೆಯನ್ನು ಒಪ್ಪುತ್ತದೆ, ಅಂದರೆ 363 ಗ್ರಾಂವರೆಗೆ. ನಮ್ಮ ತಳದ ತುಂಡು 355 ತೂಗಿತು. 12 ಮಿ.ಮೀ. ರಾಡಿಗೆ 888 ಗ್ರಾಂ, ನೂರಕ್ಕೆ 6 ಬಿಟ್ಟರೆ 835, ನಮ್ಮದು 860. ಸಣ್ಣ ರಾಡು ಸೋತು ದಪ್ಪ ರಾಡು ಗೆದ್ದದ್ದರಲ್ಲಿ ಆಶ್ಚರ್ಯವಿಲ್ಲ. ವ್ಯಾಸದಲ್ಲಿ 0.2 ಮಿ.ಮೀ. ಸವೆದರೆ 8ರ ರಾಡು ನೂರಕ್ಕೆ 5ರಷ್ಟು ಕಬ್ಬಿಣ ಕಳೆದುಕೊಳ್ಳುತ್ತದೆ, 16ರ ರಾಡು ಅದರ ಅರ್ಧ. ಸ್ಲ್ಯಾಬಿನ ಜಾಲಿಗೂ ಕಾಲಂ, ಬೀಮಿನ ರಿಂಗಿಗೂ ಬಳಸುವುದು ಇದೇ 8ರ ರಾಡು. ಹಾಗಾಗಿ ನೆಲದಿಂದ ಮೊದಲು ಎತ್ತಿಡಬೇಕಾದದ್ದೂ ಅದೇ.

ಇಲ್ಲಿ ಇನ್ನೊಂದು ತಪ್ಪು ಬಯಲಿಗೆ ಬಂತು. ರಾಡು ಬಂದ ದಿನ ನಾನು ತೂಗಿರಲಿಲ್ಲ. ಆ ತುಂಡು ಬರುವಾಗಲೇ ತೆಳುವಾಗಿತ್ತೋ ತುಕ್ಕು ತಿಂದು ತೆಳುವಾಯಿತೋ ಹೇಳಲು ಆಧಾರವೇ ಇಲ್ಲ. ಮಾರಿದವರ ಬಳಿ ಕೇಳುವ ಹಕ್ಕನ್ನೂ ನಾನೇ ಕಳೆದುಕೊಂಡಿದ್ದೆ. ಅಂದಿನಿಂದ ಕಬ್ಬಿಣ ಇಳಿದ ದಿನವೇ ಪ್ರತಿ ಅಳತೆಯ ಒಂದು ಮೀಟರ್ ತುಂಡು ಕತ್ತರಿಸಿ, ತೂಗಿ, ಬರೆದು, ಅದೇ ತುಂಡನ್ನು ಚೀಟಿ ಕಟ್ಟಿ ಒಣ ಜಾಗದಲ್ಲಿ ಇಡುತ್ತೇನೆ. ಮುಂದೆ ಅನುಮಾನ ಬಂದರೆ ಹೋಲಿಸಲು ಅದೇ ಸಾಕ್ಷಿ. ಆದರೂ ತೂಕಕ್ಕೆ ಒಂದು ಮಿತಿ ಇದೆ. ಗುಳಿ ಬಿದ್ದ ರಾಡು ತೂಕದಲ್ಲಿ ಗೆದ್ದರೂ ಬಳಸಬಾರದು. ಒಂದೇ ಜಾಗದಲ್ಲಿ ಆಳಕ್ಕೆ ತಿಂದಿದ್ದರೆ ಮೀಟರಿನ ತೂಕದಲ್ಲಿ ಅದು ಕಾಣುವುದಿಲ್ಲ, ರಾಡು ಮುರಿಯುವುದು ಮಾತ್ರ ಅಲ್ಲೇ.

ಉಳಿದ ರಾಡಿಗೆ ಸಿಮೆಂಟಿನ ತಿಳಿ ಬಳಿದರೆ ತುಕ್ಕು ನಿಲ್ಲುತ್ತದೆ ಎಂದು ಓದಿದ್ದೆ. ಅದು ನಿಜ. ಸಾಮಾನು ಒಟ್ಟುವ ಬಗ್ಗೆ ಇರುವ ಐಎಸ್ 4082 ಕೂಡ ಅದನ್ನು ಹೇಳುತ್ತದೆ. ಸಿಮೆಂಟಿನ ಕ್ಷಾರದಲ್ಲಿ ಕಬ್ಬಿಣದ ಮೇಲೆ ತುಕ್ಕು ತಡೆಯುವ ತೆಳು ಪೊರೆ ಕಟ್ಟುತ್ತದೆ. ಆದರೆ ನಾನು ಆ ತಿಳಿ ಕಲಸಿದ್ದು ಅಂಗಳದ ಬೋರಿನ ಸವಳು ನೀರಿನಲ್ಲಿ. ಡೋಣಿ ಹರಿಯುವ ಜಿಲ್ಲೆಯವರಿಗೆ ಉಪ್ಪು ನೀರು ಹೊಸದಲ್ಲ. ಕುಡಿಯಲು ಬಾರದ ನೀರು ಕಟ್ಟಡಕ್ಕೆ ಆಗುತ್ತದೆ ಎಂಬ ರೂಢಿಯೂ ಹೊಸದಲ್ಲ. ಉಪ್ಪಿನ ಕ್ಲೋರೈಡು ಆ ಪೊರೆಯನ್ನೇ ಒಡೆಯುತ್ತದೆ. ಆರ್‌ಸಿಸಿಗೆ ಬಳಸುವ ನೀರಿನಲ್ಲಿ ಅದು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಬಳಿದ ಕೆಲವೇ ದಿನಗಳಲ್ಲಿ ಬಿಳಿ ತಿಳಿಯ ಕೆಳಗಿನಿಂದ ಕೆಂಪು ಚುಕ್ಕೆ ಎದ್ದವು, ತಿಳಿ ಚಕ್ಕೆಯಾಗಿ ಏಳತೊಡಗಿತು. ಎಲ್ಲವನ್ನೂ ಮತ್ತೆ ಬ್ರಶ್ಶಿನಿಂದ ತೆಗೆದು, ನಳದ ನೀರಿನಿಂದ ತೊಳೆದು ಒಣಗಿಸಬೇಕಾಯಿತು.

ಸ್ಲ್ಯಾಬು ಕೊನೆಗೆ ಹೊಸ ಸಿಮೆಂಟಿನಲ್ಲೇ ಬಿತ್ತು, 8ರ ರಾಡನ್ನು ಬಹುಪಾಲು ಹೊಸದಾಗಿ ತಂದೆ. ಅತ್ತೆಗೆ ಹೆಚ್ಚುವರಿ ಖರ್ಚು ತೋರಿಸಲಿಲ್ಲ. ಏನಾಯಿತು ಎಂಬುದನ್ನು ಪೂರ್ತಿ ಹೇಳಿದೆ.

ಅದಾದ ಮೇಲೆ ಆ ಕೋಣೆಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿದೆ. ಗೋಡೆಯಿಂದ ನಾಲ್ಕೂ ಕಡೆ ಎರಡು ಅಡಿ, ಅಂದರೆ ಮಾನಕ ಹೇಳುವ 600 ಮಿ.ಮೀ., ಬಿಟ್ಟರೆ ಎಂಟು-ಹತ್ತರ ಕೋಣೆಯಲ್ಲಿ ಉಳಿಯುವುದು ನಾಲ್ಕು-ಆರು ಅಡಿ, 24 ಚದರ ಅಡಿ. ಒಂದು ಚೀಲ ಮಲಗಲು ಸುಮಾರು 3 ಚದರ ಅಡಿ ಬೇಕು. ಎಂಟು ಚೀಲದ ಹಾಸು, ಹತ್ತಕ್ಕಿಂತ ಎತ್ತರ ಬೇಡ: 80 ಚೀಲ. ಅದರ ದುಪ್ಪಟ್ಟು ನಾನು ತುರುಕಿದ್ದೆ. ಕೋಣೆಯ ಲೆಕ್ಕ ಮೊದಲು ಹಾಕಿದ್ದರೆ ಆ ದಿನ ಅಂಗಡಿಯವರಿಗೆ 160 ಎಂದು ಹೇಳುತ್ತಲೇ ಇರಲಿಲ್ಲ. ಎರಡು ಸಲದ ಹಮಾಲಿ ಉಳಿಸಲು ಹೋಗಿ ಕಳೆದದ್ದು, ಚೀಲಕ್ಕೆ ಆಗಿನ 350 ರೂಪಾಯಿಯಂತೆ, ಕಲ್ಲಾದ 41 ಚೀಲಗಳಲ್ಲೇ ಹದಿನಾಲ್ಕು ಸಾವಿರ ದಾಟುತ್ತದೆ.

ಮುಂದಿನ ಮಳೆಗಾಲದಲ್ಲಿ ತಿಕೋಟಾದ ಹತ್ತಿರ ತೋಟದ ಮನೆಯೊಂದನ್ನು ಕಟ್ಟಲು ಹೋದೆ. ಆ ಕಡೆಯೆಲ್ಲ ದ್ರಾಕ್ಷಿ. ಬೇಸಿಗೆಯಲ್ಲಿ ಒಣದ್ರಾಕ್ಷಿ ಮುಗಿದರೆ ಒಣಗಿಸುವ ಶೆಡ್ಡು ಖಾಲಿ. “ಸರ, ಶೆಡ್ ಖಾಲಿ ಅದ, ಮ್ಯಾಲ ತಗಡ ಅದ, ಸಿಮೆಂಟ್ ಅಲ್ಲೇ ಒಟ್ರಿ” ಎಂದರು ಯಜಮಾನರು. ಆ ಶೆಡ್ಡಿನಲ್ಲಿ ನಿಂತು ಸುತ್ತ ನೋಡಿದೆ. ನಾಲ್ಕೂ ಕಡೆ ತೆರೆದಿದೆ, ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಡುವಂತೆಯೇ ಕಟ್ಟಿದ್ದಾರೆ, ದ್ರಾಕ್ಷಿ ಒಣಗಬೇಕಲ್ಲ. ಸಿಮೆಂಟಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ, ಕಬ್ಬಿಣಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಯಜಮಾನರಿಗೆ ಹಾಗೆಯೇ ಹೇಳಿದೆ. ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಪಂಪಿನ ಕೋಣೆಯ ಪಕ್ಕದ ಗೊಬ್ಬರದ ಕೋಣೆ ಖಾಲಿ ಮಾಡಿಸಿ ಕೊಟ್ಟರು.

ಶೆಡ್ಡಿನ ನೆಲದ ಮೇಲೆ ಗರಸು ಹರಡಿ, ಐದು ಐದು ಅಡಿಗೆ ಒಂದರಂತೆ ಅಡ್ಡ ಕಲ್ಲು ಇಟ್ಟು, ಅವುಗಳ ಮೇಲೆ ಮರದ ತೊಲೆ ಹಾಕಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ ರಾಡು ಒಟ್ಟಿದೆವು. ತೊಲೆಗಳ ನಡುವಿನ ದೂರ ಹೆಚ್ಚಾದರೆ 8ರ ರಾಡು ಬಾಗಿ ಮಧ್ಯದಲ್ಲಿ ನೆಲ ಮುಟ್ಟುತ್ತದೆ. ಅಳತೆಗೊಂದು ಗುಂಪು, ತುದಿಗೆ ಬೇರೆ ಬೇರೆ ಬಣ್ಣ. ತಾಡಪತ್ರಿಯನ್ನು ಗಾಳಿಯ ಇರಚಲು ಬರುವ ಪಶ್ಚಿಮದ ಕಡೆಗೆ ಮಾತ್ರ, ರಾಡಿನಿಂದ ದೂರಕ್ಕೆ ಇಳಿಬಿಟ್ಟೆವು. ರಾಡಿನ ಮೈಗೆ ಹೊದಿಸಲಿಲ್ಲ.

ಗೊಬ್ಬರದ ಕೋಣೆಯಲ್ಲಿ ಮೊದಲು ನೆಲ, ಗೋಡೆ ಗುಡಿಸಿ ತೊಳೆದು ಪೂರ್ತಿ ಒಣಗಲು ಬಿಟ್ಟೆವು. ಗೊಬ್ಬರದ ಉಪ್ಪೂ ತೇವ ಎಳೆಯುತ್ತದೆ. ಕಿಟಕಿಯನ್ನು ಹಲಗೆ ಬಡಿದು ಮುಚ್ಚಿದೆವು. ಇಟ್ಟಿಗೆಯ ಮೇಲೆ ಹಲಗೆ ಹಾಕಿ ಅರ್ಧ ಅಡಿಗಿಂತ ಸ್ವಲ್ಪ ಹೆಚ್ಚು ಎತ್ತರ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಅಂಚು ನಾಲ್ಕೂ ಕಡೆ ಉದ್ದ ಬಿಟ್ಟು. ಚೀಲಗಳನ್ನು ಒಂದಕ್ಕೊಂದು ಒತ್ತಿ, ಎಂಟರ ಮೇಲೆ ಹೋದಾಗ ಒಂದು ಸಾಲು ಉದ್ದ ಒಂದು ಸಾಲು ಅಡ್ಡ ಹೆಣೆದು, ಹತ್ತಕ್ಕೆ ನಿಲ್ಲಿಸಿದೆವು. ಕೊಕ್ಕೆ ಬಳಸಲು ಬಿಡಲಿಲ್ಲ. ಕೆಳಗಿನ ಹಾಳೆಯ ಅಂಚನ್ನೇ ಮೇಲೆತ್ತಿ ಒಟ್ಟಿಲಿನ ನೆತ್ತಿಯ ಮೇಲೆ ಮಡಚಿದೆವು. ಹೊಸ ಲೋಡು ಬಂದರೆ ಹಳೆಯದರ ಮುಂದೆ ಒಟ್ಟದೆ ಬೇರೆಯೇ ಒಟ್ಟಿಲು, ಗೋಡೆಗೆ ಸೀಮೆಸುಣ್ಣದಲ್ಲಿ ಚೀಲದ ಮೇಲಿನ ವಾರದ ಸಂಖ್ಯೆ. ಬಾಗಿಲು ತೆರೆಯುವುದು ಬೆಳಿಗ್ಗೆ ಒಮ್ಮೆ, ಆ ದಿನಕ್ಕೆ ಬೇಕಾದಷ್ಟು ಹೊರಗೆ ತೆಗೆಯಲು.

ಆ ಮನೆಯ ಕೆಲಸವೂ ನಡುವೆ ನಿಂತಿತು, ಸಾಲದ ಕಂತು ತಡವಾಗಿದ್ದರಿಂದ. ಮತ್ತೆ ಶುರುವಾದಾಗ ಕೋಣೆಯಲ್ಲಿ ಉಳಿದಿದ್ದ ಚೀಲಗಳಲ್ಲಿ ಹೆಂಟಿ ಸಿಗಲಿಲ್ಲ. ಆದರೂ ವಾರದ ಸಂಖ್ಯೆ ನೋಡಿದರೆ ಹನ್ನೆರಡು ಚೀಲ ಮೂರು ತಿಂಗಳು ದಾಟಿದ್ದವು. ಎಷ್ಟು ಚೆನ್ನಾಗಿ ಒಟ್ಟಿದರೂ ಸಿಮೆಂಟು ಸ್ವಲ್ಪ ಸ್ವಲ್ಪ ಇಳಿಯುತ್ತಲೇ ಇರುತ್ತದೆ, ಮುಟ್ಟಿ ನೋಡಿ ಅದನ್ನು ಹೇಳಲಾಗದು. ಹನ್ನೆರಡು ಚೀಲಕ್ಕೆ ಪರೀಕ್ಷೆಯ ಖರ್ಚೂ ಕಾಯುವಿಕೆಯೂ ಹೊಂದುವುದಿಲ್ಲ ಎಂದು ಯಜಮಾನರಿಗೆ ಹೇಳಿ, ಅವನ್ನು ಕಾಂಪೌಂಡ್ ಗೋಡೆಯ ತಳದ ಬೆಡ್ಡಿಗೆ ಹಾಕಿ, ಬೀಮಿಗೆ ಹೊಸ ಲೋಡು ತರಿಸಿದೆವು.